ಕಾಣದ ಸಭೆಯ ‘ಹೂಂ’

ಕಥೆ ಹೇಳುವ ಅಜ್ಜಿ ಮೊದಲು ಹಾಕುವ ಕರಾರು ಒಂದೇ: ಕೇಳುವ ಮಗು ನಡುನಡುವೆ ‘ಹೂಂ’ ಎನ್ನುತ್ತಿರಬೇಕು. ‘ಹೂಂ’ ನಿಂತಿತೆಂದರೆ ಮಗು ನಿದ್ದೆ ಹೋಯಿತೆಂದೇ ಅರ್ಥ. ಅಜ್ಜಿ ಅಲ್ಲಿಗೆ ಕಥೆಯನ್ನು ನಿಲ್ಲಿಸುತ್ತಾಳೆ. ಹರಿಕಥೆಯ ದಾಸರು ಈ ವಿದ್ಯೆಯನ್ನು ಇನ್ನೂ ಚೆನ್ನಾಗಿ ಬಲ್ಲರು. ಪ್ರಸಂಗ ಬಿಗಿಯಾಗುತ್ತಿರುವಾಗಲೇ ನಿಲ್ಲಿಸಿ, ಸಭೆಯೆಲ್ಲ ದನಿಗೂಡಿಸುವಂತೆ ಒಂದು ನಾಮಸ್ಮರಣೆ ಮಾಡಿಸುತ್ತಾರೆ. ತೂಕಡಿಸುತ್ತಿದ್ದವರು ಎಚ್ಚರವಾಗುತ್ತಾರೆ, ಸಭೆ ತಮ್ಮೊಡನೆ ಎಷ್ಟರಮಟ್ಟಿಗೆ ಇದೆಯೆಂಬುದೂ ಆ ಧ್ವನಿಯ ಬಲದಿಂದಲೇ ದಾಸರಿಗೆ ತಿಳಿಯುತ್ತದೆ.

2020ರ ಲಾಕ್‌ಡೌನಿನ ದಿನಗಳಲ್ಲಿ ಮನೆಮನೆಗೂ ಪರಿಚಯವಾದ ‘ವೆಬಿನಾರ್’ ಎಂಬ ಅಂತರಜಾಲದ ಉಪನ್ಯಾಸದಲ್ಲಿ ಇಲ್ಲದ್ದು ಈ ‘ಹೂಂ’ ಒಂದೇ. ಸಾಧಾರಣವಾದ ಆನ್‌ಲೈನ್ ಸಭೆಯಲ್ಲಾದರೆ ನಾಲ್ಕಾರು ಮುಖಗಳಾದರೂ ಕಾಣುತ್ತವೆ. ವೆಬಿನಾರಿನಲ್ಲಿ ಕೇಳುಗರ ಮುಖವೂ ಕಾಣದು, ದನಿಯೂ ಕೇಳದು. ಪರದೆಯ ಒಂದು ಮೂಲೆಯಲ್ಲಿ ಎಷ್ಟು ಮಂದಿ ಇದ್ದಾರೆಂಬ ಅಂಕಿ ಮಾತ್ರ ಕಾಣುತ್ತದೆ. ಆ ಅಂಕಿಯನ್ನು ನಂಬುವುದು ಕಷ್ಟ. ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ತರಕಾರಿ ತರಲು ಹೋದವರೂ ಆ ಲೆಕ್ಕದಲ್ಲಿ ಸೇರಿರುತ್ತಾರೆ. ಕೇಳುಗರು ಝೂಮ್‌ನ ಕಿಟಕಿಯನ್ನು ಬಿಟ್ಟು ಬೇರೆ ಕಡೆ ಹೋದರೆ ಸಂಚಾಲಕನಿಗೆ ಗುರುತು ತೋರಿಸುವ ಏರ್ಪಾಡೊಂದು ಆ ಸಂಸ್ಥೆಯಲ್ಲಿ ಹಿಂದೆ ಇತ್ತು. ಅದು ಬೇಹುಗಾರಿಕೆಯೆಂಬ ಆಕ್ಷೇಪ ಎದ್ದ ಮೇಲೆ 2020ರ ಏಪ್ರಿಲಿನಲ್ಲಿ ಅದನ್ನು ತೆಗೆದುಹಾಕಿದರು. ತೆಗೆದುದೇ ಒಳ್ಳೆಯದಾಯಿತು. ಕಿಟಕಿ ತೆರೆದಿದೆಯೆಂದ ಮಾತ್ರಕ್ಕೆ ಕಣ್ಣು ಅಲ್ಲಿದೆಯೆಂದಾಗಲಿ, ಕಣ್ಣು ಅಲ್ಲಿದೆಯೆಂದ ಮಾತ್ರಕ್ಕೆ ಮನಸ್ಸು ಅಲ್ಲಿದೆಯೆಂದಾಗಲಿ ಹೇಳಲಾಗದು.

ಈ ಕೊರತೆಯನ್ನು ತುಂಬಲು ಈಗ ಎರಡು ಉಪಾಯಗಳು ರೂಢಿಯಲ್ಲಿವೆ. ಒಂದು, ನಡುನಡುವೆ ಪರದೆಯ ಮೇಲೆ ಪ್ರಶ್ನೆಯೊಂದನ್ನು ತೋರಿಸಿ ಕೇಳುಗರ ಉತ್ತರವನ್ನು ಪಡೆಯುವ ‘ಪೋಲ್’, ಇನ್ನೊಂದು, ಕಿರುವಿರಾಮ. ಇವೆರಡನ್ನೂ ಬಹುತೇಕ ಸಂಘಟಕರು ಬಲ್ಲರು. ಆದರೆ ಪೋಲನ್ನು ಹಬ್ಬದ ತೋರಣದಂತೆ ಅಲಂಕಾರಕ್ಕೆ ಕಟ್ಟುವವರೂ, ವಿರಾಮವನ್ನು ಗಂಟಲಾರಿದಾಗ ನೀರು ಕುಡಿಯಲಷ್ಟೇ ಕೊಡುವವರೂ ಹೆಚ್ಚು. ಪೋಲಿನಿಂದ ಬಂದ ಉತ್ತರವು ಮುಂದಿನ ಮಾತನ್ನು ಬದಲಾಯಿಸದಿದ್ದರೆ ಆ ಪೋಲು ಇದ್ದೂ ಇಲ್ಲದಂತೆ. ಮುಂದಿನ ವಿವರಗಳೆಲ್ಲ ಈ ಒಂದು ಮಾತಿನ ವಿಸ್ತಾರವೇ.

ನಡುವೆ ಪ್ರಶ್ನೆ ಕೇಳಿದರೆ ಗಮನ ನಿಲ್ಲುವುದೆಂಬುದು ಬರಿಯ ನಂಬಿಕೆಯಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಕಾರ್ಲ್ ಸ್ಪುನರ್, ನೊವಾಲ್ ಖಾನ್ ಮತ್ತು ಡೇನಿಯಲ್ ಶಾಕ್ಟರ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 2013ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸಂಖ್ಯಾಶಾಸ್ತ್ರದ ಸುಮಾರು 20 ನಿಮಿಷಗಳ ಪಾಠವೊಂದರ ಚಿತ್ರಣವನ್ನು ನಾಲ್ಕು ಭಾಗಗಳಾಗಿ ಮಾಡಿ ಎರಡು ಗುಂಪುಗಳಿಗೆ ತೋರಿಸಿದರು. ಒಂದು ಗುಂಪಿಗೆ ಪ್ರತಿಯೊಂದು ಭಾಗ ಮುಗಿದಾಗಲೂ ಆಗತಾನೆ ಕೇಳಿದ ವಿಷಯದ ಮೇಲೆ ಚಿಕ್ಕ ಪರೀಕ್ಷೆ. ಇನ್ನೊಂದು ಗುಂಪಿಗೆ ಪಾಠಕ್ಕೆ ಸಂಬಂಧವಿಲ್ಲದ ಲೆಕ್ಕಗಳು, ಪರೀಕ್ಷೆ ಕೊನೆಯಲ್ಲಿ ಮಾತ್ರ. ಪಾಠದ ನಡುವೆ ಆಗಾಗ ‘ಈಗ ಮನಸ್ಸು ಎಲ್ಲಿದೆ?’ ಎಂದು ವಿಚಾರಿಸಿದಾಗ, ಪರೀಕ್ಷೆಯಿಲ್ಲದ ಗುಂಪಿನವರು ನೂರಕ್ಕೆ 41 ಸಲ ‘ಬೇರೆಲ್ಲೋ ಹೋಗಿತ್ತು’ ಎಂದು ಒಪ್ಪಿಕೊಂಡರು. ಪರೀಕ್ಷೆಯಿದ್ದ ಗುಂಪಿನವರು 19 ಸಲ ಮಾತ್ರ. ಈ ಎರಡನೆಯವರು ಟಿಪ್ಪಣಿಯನ್ನೂ ಹೆಚ್ಚಾಗಿ ಬರೆದುಕೊಂಡರು, ಕೊನೆಯ ಭಾಗವನ್ನೂ ಚೆನ್ನಾಗಿ ನೆನಪಿಟ್ಟುಕೊಂಡರು.

ಇಲ್ಲಿ ಗಮನಿಸಬೇಕಾದುದೊಂದಿದೆ. ಎರಡು ಗುಂಪುಗಳಿಗೂ ಪಾಠದ ನಡುವೆ ತಡೆ ಇದ್ದೇ ಇತ್ತು, ಏನನ್ನೋ ಮಾಡುವ ಕೆಲಸವೂ ಇದ್ದೇ ಇತ್ತು. ಗುಣ ಕಂಡುದು ಬರಿಯ ತಡೆಯಿಂದಲ್ಲ, ಕೇಳಿದುದನ್ನೇ ನೆನಪಿನಿಂದ ಹೊರತೆಗೆಯುವ ಕೆಲಸದಿಂದ. ‘ನಿಮ್ಮ ಮೆಚ್ಚಿನ ತಿಂಡಿ ಯಾವುದು?’ ಎಂದು ಮಧ್ಯದಲ್ಲಿ ಕೇಳುವ ಪೋಲು ಆ ಲೆಕ್ಕಗಳಿಗೆ ಸಮಾನ. ನಗು ತರಿಸೀತು, ನೆನಪನ್ನು ತರಿಸದು. ಇದು ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಕುಳಿತು ನೋಡಿದ ಪಾಠವೆಂಬುದನ್ನೂ ಮರೆಯಬಾರದು. ಭಾನುವಾರ ಸಂಜೆ ಮನೆಮಂದಿಯ ನಡುವೆ ಕುಳಿತು ಕೇಳುವವರ ವಿಷಯದಲ್ಲಿ ಅದೇ ಅಂಕಿಗಳು ಬರುತ್ತವೆಂದು ಯಾರೂ ಹೇಳಲಾರರು. ದಾರಿ ಯಾವ ದಿಕ್ಕಿಗಿದೆ ಎಂಬುದನ್ನು ಮಾತ್ರ ಆ ಪ್ರಯೋಗ ತೋರಿಸುತ್ತದೆ.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನ ಒಂದು ಬಡಾವಣೆಯ ನಿವಾಸಿಗಳ ಸಂಘವು ಫೋನಿನ ಮೂಲಕ ನಡೆಯುವ ಹಣದ ವಂಚನೆಗಳ ಬಗ್ಗೆ ವೆಬಿನಾರ್ ಏರ್ಪಡಿಸಿದೆ. ಮಾತನಾಡುವವರು ನಿವೃತ್ತ ಬ್ಯಾಂಕ್ ಅಧಿಕಾರಿ. ಕಾಲ ಭಾನುವಾರ ಸಂಜೆ 5ರಿಂದ 6.30ರವರೆಗೆ. ಸೇರಿರುವ ಫೋನು, ಕಂಪ್ಯೂಟರುಗಳು ಸುಮಾರು 110. ಕೇಳುಗರಲ್ಲಿ ಬಹುಮಂದಿ ಪಿಂಚಣಿದಾರರು, ಗೃಹಿಣಿಯರು. ಕೇಳಿ ಮರೆತರೆ ನಷ್ಟವಾಗುವುದು ಜೀವಮಾನದ ಉಳಿತಾಯ. ಆದುದರಿಂದ ಗಮನ ತಪ್ಪದಿರುವುದು ಇಲ್ಲಿ ಸಭಾಮರ್ಯಾದೆಯ ಮಾತಷ್ಟೇ ಅಲ್ಲ.

ಮೊದಲ ಏರ್ಪಾಡು ಆಳುಗಳದ್ದು. ಮಾತನಾಡುವವರೇ ಪೋಲನ್ನೂ ನಡೆಸಹೊರಟರೆ ಎರಡೂ ಕೆಡುತ್ತವೆ. ಗುಂಡಿಯನ್ನು ಹುಡುಕುವ ಅರ್ಧ ನಿಮಿಷದ ಮೌನದಲ್ಲಿ ಹತ್ತು ಮಂದಿಯಾದರೂ ಎದ್ದು ಹೋಗುತ್ತಾರೆ. ಪೋಲಿಗೂ ಗಡಿಯಾರಕ್ಕೂ ಒಬ್ಬರು ಬೇರೆಯೇ ಬೇಕು. ಬಡಾವಣೆಯ ತರುಣಿಯೊಬ್ಬಳು ಆ ಕೆಲಸವನ್ನು ವಹಿಸಿಕೊಂಡಿದ್ದಾಳೆಂದು ಇಟ್ಟುಕೊಳ್ಳಬಹುದು. ಪ್ರಶ್ನೆಗಳನ್ನೆಲ್ಲ ಅವಳು ಹಿಂದಿನ ದಿನವೇ ಕಾರ್ಯಕ್ರಮದ ಪುಟದಲ್ಲಿ ಬರೆದಿಟ್ಟು, ಇನ್ನೊಂದು ಫೋನಿನಿಂದ ಕೇಳುಗಳಂತೆ ಸೇರಿ, ಅವು ಹೇಗೆ ಕಾಣುತ್ತವೆಂದು ನೋಡಿರಬೇಕು. ಕಂಪ್ಯೂಟರಿನಲ್ಲಿ ಅಂದವಾಗಿ ಕಾಣುವ ಪ್ರಶ್ನೆ ಚಿಕ್ಕ ಫೋನಿನಲ್ಲಿ ಪರದೆಯನ್ನೆಲ್ಲ ಮುಚ್ಚಿ, ನಾಲ್ಕನೆಯ ಉತ್ತರ ಕೆಳಗೆ ಅಡಗಿಬಿಡುವುದುಂಟು. ಉತ್ತರ ಕೊಟ್ಟವರ ಹೆಸರು ದಾಖಲಾಗದಂತೆ ಮಾಡುವ ಏರ್ಪಾಡನ್ನೂ ಅವಳು ಆಗಲೇ ಆರಿಸಿಕೊಂಡಿರಬೇಕು, ಮತ್ತು ಅದನ್ನು ಸಭೆಗೆ ಹೇಳಬೇಕು. ಇಲ್ಲವಾದರೆ ‘ಗೊತ್ತಿಲ್ಲ’ ಎನ್ನಲು ಹಿರಿಯರು ಸಂಕೋಚಪಡುತ್ತಾರೆ. ಪಕ್ಕದ ಮನೆಯವರು ನೋಡಿಯಾರೆಂಬ ಅಂಜಿಕೆ.

5 ಗಂಟೆಗೆ ಸ್ವಾಗತ. ಎರಡೇ ನಿಮಿಷಗಳಲ್ಲಿ ಮೊದಲ ಪೋಲು: ‘ಈಗ ನೀವು ನೋಡುತ್ತಿರುವುದು ಫೋನಿನಲ್ಲೋ, ಕಂಪ್ಯೂಟರಿನಲ್ಲೋ?’ ನೆನಪಿಗೆ ಕೆಲಸ ಕೊಡದ ಪ್ರಶ್ನೆಗೆ ಈ ಒಂದು ಕಡೆಯಲ್ಲಿ ಮಾತ್ರ ಸ್ಥಳವಿದೆ. ಮತ ಹಾಕುವುದು ಹೇಗೆಂದು ಕೈಗೆ ಅಭ್ಯಾಸವಾಗಲೆಂಬುದು ಇದರ ಉದ್ದೇಶ. ಆದರೂ ಉತ್ತರ ವ್ಯರ್ಥವಲ್ಲ. ಮುಕ್ಕಾಲುಪಾಲು ಫೋನೆಂದು ಬಂದರೆ ಭಾಷಣಕಾರರು ಸಣ್ಣಕ್ಷರದ ಸ್ಲೈಡುಗಳನ್ನು ಬದಿಗಿಟ್ಟು, ಅದರಲ್ಲಿರುವುದನ್ನು ಬಾಯಲ್ಲಿ ಓದಿ ಹೇಳಬೇಕೆಂದು ತಿಳಿದುಕೊಳ್ಳುತ್ತಾರೆ. ‘ಒಂದೇ ಫೋನಿನ ಮುಂದೆ ಮೂವರಿದ್ದರೆ ಮೂವರೂ ಮಾತಾಡಿಕೊಂಡು ಒಂದು ಉತ್ತರ ಕೊಡಿ’ ಎಂದು ಇಲ್ಲಿಯೇ ಹೇಳಿಬಿಡುವುದು ಲೇಸು. ಪೋಲಿನಲ್ಲಿ ಎಣಿಕೆಯಾಗುವುದು ಸಾಧನಗಳೇ ಹೊರತು ತಲೆಗಳಲ್ಲ.

5.06ರಿಂದ 5.20ರವರೆಗೆ ಮೊದಲ ಭಾಗ. ಹಣ ಪಡೆಯುವ ನೆಪದಲ್ಲಿ ಹಣ ಕೀಳುವ ವಂಚನೆ ಇದರ ವಿಷಯ. ಅದು ಮುಗಿದೊಡನೆ ಮೊದಲ ನಿಜವಾದ ಪ್ರಶ್ನೆ. ಈ ಪ್ರಶ್ನೆಯನ್ನು ಹೇಗೆ ಕಟ್ಟಬೇಕೆಂಬುದರಲ್ಲೇ ವೆಬಿನಾರಿನ ಅರ್ಧ ಸತ್ವವಿದೆ. ಸಂಘದವರು ಮೊದಲು ಬರೆದಿಡುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: ‘ಪಿನ್ ಸಂಖ್ಯೆಯನ್ನು ಅಪರಿಚಿತರಿಗೆ ಹೇಳಬಹುದೇ?’ ನೂರಕ್ಕೆ ನೂರು ಮಂದಿ ‘ಕೂಡದು’ ಎನ್ನುತ್ತಾರೆ. ಎಲ್ಲರಿಗೂ ಸಂತೋಷ, ಯಾರಿಗೂ ಪ್ರಯೋಜನವಿಲ್ಲ. ಅದರ ಬದಲಾಗಿ ಹೀಗೆ ಕೇಳಬಹುದು: ‘ಹಳೆಯ ಸೋಫಾ ಮಾರಲು ನೀವು ಜಾಹೀರಾತು ಕೊಟ್ಟಿದ್ದೀರಿ. ಕೊಳ್ಳುವೆನೆಂದವನು ಕ್ಯೂಆರ್ ಚಿತ್ರವೊಂದನ್ನು ಕಳುಹಿಸಿ, ಇದನ್ನು ಸ್ಕ್ಯಾನ್ ಮಾಡಿ ನಿಮ್ಮ ಯುಪಿಐ ಪಿನ್ ಒತ್ತಿದರೆ 5,000 ರೂಪಾಯಿ ನಿಮ್ಮ ಖಾತೆಗೆ ಬರುತ್ತದೆ ಎನ್ನುತ್ತಾನೆ. ಪಿನ್ ಒತ್ತಿದರೆ ಏನಾಗುತ್ತದೆ?’ ಉತ್ತರಗಳು ನಾಲ್ಕು: ಹಣ ಬರುತ್ತದೆ, ಹಣ ಹೋಗುತ್ತದೆ, ಖಾತೆಯ ಪರಿಶೀಲನೆಯಾಗುತ್ತದೆ ಅಷ್ಟೆ, ಗೊತ್ತಿಲ್ಲ.

ಇಲ್ಲಿಯ ತಪ್ಪು ಉತ್ತರಗಳು ಸುಮ್ಮನೆ ತುಂಬಿಸಿದವಲ್ಲ. ಒಂದೊಂದೂ ಜನರ ಮನಸ್ಸಿನಲ್ಲಿ ನಿಜವಾಗಿ ಇರುವ ಒಂದೊಂದು ತಪ್ಪು ತಿಳಿವಳಿಕೆ. ಹಣ ಪಡೆಯಲು ಪಿನ್ ಬೇಕೇ ಆಗಿಲ್ಲವೆಂಬುದು ಗೊತ್ತಿರದವರು ಮೊದಲನೆಯದನ್ನು ಒತ್ತುತ್ತಾರೆ. ಪಿನ್ ಎಂದರೆ ಬೀಗ ತೆರೆದು ನೋಡುವ ಕೀಲಿಯಷ್ಟೇ ಎಂದುಕೊಂಡವರು ಮೂರನೆಯದನ್ನು. ಯಾವ ಉತ್ತರಕ್ಕೆ ಎಷ್ಟು ಮತ ಬಿತ್ತೆಂಬುದನ್ನು ನೋಡಿಯೇ ಯಾವ ಗಂಟನ್ನು ಬಿಡಿಸಬೇಕೆಂದು ಭಾಷಣಕಾರರಿಗೆ ಗೊತ್ತಾಗುತ್ತದೆ. ‘ಗೊತ್ತಿಲ್ಲ’ ಎಂಬುದಕ್ಕೂ ಜಾಗ ಇರಬೇಕು. ಇಲ್ಲದಿದ್ದರೆ ತಿಳಿಯದವರು ಕುರುಡಾಗಿ ಒತ್ತಿ ಲೆಕ್ಕವನ್ನು ಕೆಡಿಸುತ್ತಾರೆ. ‘ಮೇಲಿನ ಎಲ್ಲವೂ’ ಎಂಬ ಉತ್ತರ ಪರೀಕ್ಷೆಯ ಪತ್ರಿಕೆಯಲ್ಲೇ ಇರಲಿ.

ಪ್ರಶ್ನೆ ಪರದೆಗೆ ಬಂದೊಡನೆ ಭಾಷಣಕಾರರು ಅದನ್ನೂ ನಾಲ್ಕು ಉತ್ತರಗಳನ್ನೂ ನಿಧಾನವಾಗಿ ಓದುತ್ತಾರೆ. ಓದುವುದಕ್ಕೆ ಅರ್ಧ ನಿಮಿಷ, ಆಮೇಲೆ ಮತಕ್ಕೆ ಸುಮಾರು ಒಂದು ನಿಮಿಷ. ತರುಣಿ ಮತಗಳ ಎಣಿಕೆಯನ್ನು ನೋಡುತ್ತಿರುತ್ತಾಳೆ. ಅದು ಮೊದಲು ಸರಸರನೆ ಏರಿ, ಆಮೇಲೆ ಮಂದವಾಗಿ, ಎಲ್ಲೋ ನಿಂತುಬಿಡುತ್ತದೆ. ನಿಂತಾಗ ಮುಚ್ಚಬೇಕು, 110 ಮತಗಳೂ ಬರಲೆಂದು ಕಾಯುವುದು ವ್ಯರ್ಥ. ಕೆಲವರ ಕೈಯಲ್ಲಿ ಹಿಟ್ಟಿರುತ್ತದೆ, ಕೆಲವರ ಫೋನಿನಲ್ಲಿ ಹಳೆಯ ತಂತ್ರಾಂಶವಿರುತ್ತದೆ, ಕೆಲವರು ಅಲ್ಲಿಲ್ಲವೇ ಇಲ್ಲ. ಈ ಕೊನೆಯವರ ಸುಳಿವೂ ಇಲ್ಲಿಯೇ ಸಿಗುತ್ತದೆ. ಮೊದಲ ಪೋಲಿಗೆ 95 ಮತ ಬಂದು ಇದಕ್ಕೆ 90 ಬಂದರೆ ಸಭೆ ಕುಳಿತಿದೆ. 55ಕ್ಕೆ ಇಳಿದರೆ, ಮೂಲೆಯ ಅಂಕಿ 110 ಎಂದೇ ತೋರಿಸುತ್ತಿದ್ದರೂ, ಸಭೆ ಎದ್ದಿದೆ.

ಫಲಿತಾಂಶವನ್ನು ಸಭೆಗೆ ತೋರಿಸಲು ಝೂಮ್‌ನಲ್ಲಿ ‘Share Results’ ಎಂಬುದನ್ನು ಒತ್ತಬೇಕು. ಅಲ್ಲಿಯವರೆಗೆ ಅದು ಸಂಚಾಲಕರಿಗೆ ಮಾತ್ರ ಕಾಣುತ್ತದೆ. ಈ ಬಿಡುವು ಬಹಳ ಅಮೂಲ್ಯವಾದುದು. 90 ಮತಗಳಲ್ಲಿ 46 ಸರಿಯಾಗಿವೆಯೆಂದು ಇಟ್ಟುಕೊಳ್ಳೋಣ, ಅಂದರೆ ಅರ್ಧಕ್ಕರ್ಧ. ಹಾರ್ವರ್ಡಿನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಿಂದ ತಮ್ಮ ತರಗತಿಗಳಲ್ಲಿ ಬೆಳೆಸಿಕೊಂಡು ಬಂದ ಪದ್ಧತಿ ಇಲ್ಲಿ ನೆರವಿಗೆ ಬರುತ್ತದೆ. ಸರಿಯುತ್ತರ ನೂರಕ್ಕೆ 70ರ ಮೇಲಿದ್ದರೆ ಎರಡು ಮಾತಿನಲ್ಲಿ ಕಾರಣ ಹೇಳಿ ಮುಂದೆ ಹೋಗುವುದು. 30ಕ್ಕಿಂತ ಕಡಿಮೆಯಿದ್ದರೆ ವಿಷಯವನ್ನು ಮತ್ತೆ ಮೊದಲಿನಿಂದ ಬೇರೆ ರೀತಿಯಲ್ಲಿ ಹೇಳುವುದು. ನಡುವೆ ಬಿದ್ದರೆ ಉತ್ತರವನ್ನು ಹೇಳದೆಯೇ, ‘ಪಕ್ಕದವರೊಡನೆ ಚರ್ಚಿಸಿ ಮತ್ತೊಮ್ಮೆ ಉತ್ತರಿಸಿ’ ಎನ್ನುವುದು. ತಿಳಿದವರು ಸಾಕಷ್ಟು ಮಂದಿ ಇರುವುದರಿಂದ ತಿಳಿಯದವರಿಗೆ ಅವರೇ ಗುರುಗಳಾಗುತ್ತಾರೆ.

ವೆಬಿನಾರಿನಲ್ಲಿ ಪಕ್ಕದವರೆಲ್ಲಿ? ಕೇಳುಗರನ್ನು ಸಣ್ಣ ಸಣ್ಣ ಕೋಣೆಗಳಿಗೆ ಹಂಚುವ ಸೌಕರ್ಯ ಝೂಮ್‌ನ ಸಾಧಾರಣ ಸಭೆಯಲ್ಲಿದೆ, ವೆಬಿನಾರಿನಲ್ಲಿಲ್ಲ. ಆದರೆ ಈ ಸಭೆ ಮನೆಗಳಲ್ಲಿ ನಡೆಯುತ್ತಿದೆ. ‘ಮನೆಯಲ್ಲಿ ಯಾರಿದ್ದಾರೋ ಅವರನ್ನು ಕರೆದು ಈ ಪ್ರಶ್ನೆ ಕೇಳಿ, ಒಂದು ನಿಮಿಷ ಕೊಡುತ್ತೇನೆ’ ಎಂದು ಭಾಷಣಕಾರರು ಹೇಳಿದರೆ ಅಡುಗೆಮನೆಯಲ್ಲಿದ್ದ ಸೊಸೆಯೂ, ಓದುತ್ತಿದ್ದ ಮೊಮ್ಮಗನೂ ಸಭೆಗೆ ಸೇರುತ್ತಾರೆ. ಇದು ಕಾಲೇಜಿನ ತರಗತಿಗೂ ಸಿಗದ ಭಾಗ್ಯ. ಒಬ್ಬರೇ ಇರುವವರು ತಮ್ಮ ಕಾರಣವನ್ನು ಚೀಟಿಯ ಮೇಲೆ ಬರೆದುಕೊಳ್ಳಲಿ. ಮರುಮತಕ್ಕಾಗಿ ಅದೇ ಪ್ರಶ್ನೆಯ ಇನ್ನೊಂದು ಪ್ರತಿಯನ್ನು ಮೊದಲೇ ಸಿದ್ಧಮಾಡಿಟ್ಟಿದ್ದರೆ ಮೊದಲ ಲೆಕ್ಕವೂ ಉಳಿಯುತ್ತದೆ. ಆಮೇಲೆ ಎರಡೂ ಫಲಿತಾಂಶಗಳನ್ನು ತೋರಿಸಿ, ಸರಿಯುತ್ತರವನ್ನೂ ಕಾರಣವನ್ನೂ ಹೇಳುವುದು: ಯುಪಿಐಯಲ್ಲಿ ಪಿನ್ ಒತ್ತುವುದೆಂದರೆ ಹಣ ಕೊಡಲು ಸಹಿ ಹಾಕಿದಂತೆ, ಪಡೆಯುವವನು ಸಹಿ ಹಾಕಬೇಕಾಗಿಲ್ಲ.

ಇಷ್ಟಕ್ಕೆ ಏಳೆಂಟು ನಿಮಿಷಗಳು ಹಿಡಿಯುತ್ತವೆ. ಎಲ್ಲರಿಗೂ ತಿಳಿದಿತ್ತೆಂದು ಬಂದಿದ್ದರೆ ಎರಡೇ ನಿಮಿಷ ಸಾಕಾಗುತ್ತಿತ್ತು. ಈ ವ್ಯತ್ಯಾಸಕ್ಕೆ ಎಡೆಯಿರಬೇಕಾದರೆ ಭಾಷಣದಲ್ಲಿ ಬಿಚ್ಚಿ ತೆಗೆಯಬಹುದಾದ ತುಂಡುಗಳಿರಬೇಕು. 90 ನಿಮಿಷಕ್ಕೆ 90 ನಿಮಿಷದ ಮಾತನ್ನು ತುಂಬಿಕೊಂಡು ಬಂದವರು, ಅರ್ಧ ಸಭೆಗೆ ತಿಳಿದಿಲ್ಲವೆಂದು ಕಣ್ಣಾರೆ ಕಂಡರೂ ‘ಸರಿ, ಮುಂದಿನ ವಿಷಯ’ ಎನ್ನಲೇಬೇಕಾಗುತ್ತದೆ. ಪೋಲುಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಇಂಥ ಒಂದೂವರೆ ಗಂಟೆಗೆ ಅಪ್ಪಟ ಮಾತು 45 ನಿಮಿಷವಿದ್ದರೆ ಸಾಕು.

5.28ರಿಂದ 5.41ರವರೆಗೆ ಎರಡನೆಯ ಭಾಗ: ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸುವ ಕಳ್ಳರ ಸಂಗತಿ. ಅಂತಹ ಬಂಧನವೇ ನಮ್ಮ ಕಾನೂನಿನಲ್ಲಿಲ್ಲ, ವಿಡಿಯೋ ಕರೆಯ ಮೂಲಕ ಯಾವ ಪೊಲೀಸರೂ ಯಾರನ್ನೂ ಬಂಧಿಸುವುದಿಲ್ಲ ಎಂಬುದು ಇದರ ಸಾರ. ಈ ಭಾಗ ಮುಗಿದೊಡನೆ ವಿರಾಮ. ಆದರೆ ಅದಕ್ಕೆ ಮುಂಚೆ ಮೂರನೆಯ ಪೋಲು, ಈ ಸಲ ಇನ್ನೂ ಹೇಳದ ವಿಷಯದ ಮೇಲೆ: ‘ರಾತ್ರಿ 9 ಗಂಟೆಗೆ ಹಣ ಹೋದುದು ನಿಮಗೆ ತಿಳಿಯಿತು. ಮೊದಲು ಏನು ಮಾಡುತ್ತೀರಿ?’ ಬೆಳಗಾದ ಮೇಲೆ ಬ್ಯಾಂಕಿಗೆ ಹೋಗುವುದು; ಕರೆ ಮಾಡಿದವನನ್ನೇ ಮತ್ತೆ ವಿಚಾರಿಸುವುದು; ಆ ಕ್ಷಣವೇ 1930ಕ್ಕೆ ಕರೆ ಮಾಡುವುದು; ಮನೆಯವರೆಲ್ಲ ಬಂದ ಮೇಲೆ ಕುಳಿತು ಯೋಚಿಸುವುದು. ಮತ ಪಡೆದು, ಫಲಿತಾಂಶವನ್ನು ತೋರಿಸದೆ, ‘ಉತ್ತರ ವಿರಾಮದ ನಂತರ’ ಎಂದುಬಿಡುವುದು. ಧಾರಾವಾಹಿಯ ಲೇಖಕರು ವಾರವಾರವೂ ಮಾಡುವುದು ಇದನ್ನೇ ಅಲ್ಲವೇ? ನಾಯಕಿಯ ಕೈಗೆ ಕಾಗದ ಬಂದೊಡನೆ ‘ಮುಂದಿನ ಸಂಚಿಕೆಯಲ್ಲಿ’ ಎಂದು ಬಿಟ್ಟರೆ ಯಾವ ಓದುಗಳು ಮುಂದಿನ ವಾರ ತಪ್ಪಿಸಿಕೊಂಡಾಳು?

ವಿರಾಮವನ್ನು ಸಾರುವುದಕ್ಕೂ ಒಂದು ಕ್ರಮವಿದೆ. ‘ಐದು ನಿಮಿಷದ ಬಿಡುವು’ ಎಂದರೆ ಒಬ್ಬೊಬ್ಬರ ಐದು ನಿಮಿಷ ಒಂದೊಂದು ಗಳಿಗೆಯಿಂದ ಶುರುವಾಗುತ್ತದೆ. ‘5.50ಕ್ಕೆ ಸರಿಯಾಗಿ ಮತ್ತೆ ಸೇರೋಣ’ ಎಂದರೆ ಎಲ್ಲರ ಗೋಡೆಯ ಗಡಿಯಾರವೂ ಒಂದೇ ಮಾತನ್ನು ಹೇಳುತ್ತದೆ. ಆ ಹೊತ್ತನ್ನೂ, ಬಾಕಿಯಿರುವ ಪ್ರಶ್ನೆಯನ್ನೂ ದೊಡ್ಡಕ್ಷರದಲ್ಲಿ ಪರದೆಯ ಮೇಲೆ ನಿಲ್ಲಿಸಿ, ಭಾಷಣಕಾರರ ಮೈಕನ್ನೂ ಕ್ಯಾಮೆರಾವನ್ನೂ ಆರಿಸಬೇಕು. ‘ಸಾರ್, ಮೈಕು’ ಎಂದು ತರುಣಿ ನೆನಪಿಸದೆ ಹೋದರೆ, ವಿರಾಮದಲ್ಲಿ ‘ಈ ಸಲದ ಜನ ಏನೂ ತಿಳಿಯದವರು’ ಎಂದು ಅವರು ಮಡದಿಗೆ ಹೇಳುವ ಮಾತು 110 ಮನೆಗಳಿಗೂ ತಲುಪೀತು. ಇನ್ನೊಂದು ತಪ್ಪು, ‘ಬಿಡುವಿನಲ್ಲಿ ಪ್ರಶ್ನೆಗಳಿದ್ದರೆ ಕೇಳಿ’ ಎಂದು ಆಹ್ವಾನಿಸುವುದು. ಆಗ ಅದು ಬಿಡುವಲ್ಲ. ಎದ್ದು ಹೋದವರಿಗೆ ನಷ್ಟ, ಕುಳಿತವರಿಗೆ ದಣಿವು. ಪರದೆಯಿಂದ ಕಣ್ಣು ತೆಗೆದು, ಎದ್ದು ನಾಲ್ಕು ಹೆಜ್ಜೆ ನಡೆಯಿರಿ ಎಂದು ಸ್ಪಷ್ಟವಾಗಿ ಹೇಳಿದರೆ ಸಾಕು.

ವಿರಾಮ ಕೊಟ್ಟರೆ ಜನ ಮರಳುವುದಿಲ್ಲವೆಂಬ ಭಯ ಸಂಘಟಕರಲ್ಲಿದೆ. ಆ ಭಯ ಪೂರ್ತಿ ಸುಳ್ಳೇನಲ್ಲ, ಕೆಲವರು ಮರಳುವುದಿಲ್ಲ. ಎಷ್ಟು ಮಂದಿಯೆಂದು ತಿಳಿಯಲು ತರುಣಿ ಎರಡು ಲೆಕ್ಕಗಳನ್ನು ಬರೆದಿಡಬೇಕು: ವಿರಾಮಕ್ಕೆ ಮುಂಚಿನ ಪೋಲಿಗೆ ಬಂದ ಮತಗಳು, ವಿರಾಮದ ನಂತರದ ಪೋಲಿಗೆ ಬಂದ ಮತಗಳು. 5.50ಕ್ಕೆ, ಬಂದವರು ಎಷ್ಟೇ ಇರಲಿ, ತಡಮಾಡದೆ ಶುರುಮಾಡುವುದು ಸಮಯಕ್ಕೆ ಬಂದವರಿಗೆ ಸಲ್ಲಬೇಕಾದ ಗೌರವ; ಆದರೆ ಮುಖ್ಯ ಮಾತಿನಿಂದ ಶುರುಮಾಡಬಾರದು. ನಾಲ್ಕನೆಯ ಪೋಲು ಇಲ್ಲಿ ಗಂಟೆ ಬಾರಿಸಿದಂತೆ ಕೆಲಸ ಮಾಡುತ್ತದೆ. ಅದು ವಿರಾಮಕ್ಕೆ ಮುಂಚೆ ಕೇಳಿದ್ದನ್ನು, ಅಂದರೆ ಡಿಜಿಟಲ್ ಅರೆಸ್ಟಿನ ಸಂಗತಿಯನ್ನು, ನೆನಪಿನಿಂದ ಎಳೆಯುವ ಪ್ರಶ್ನೆಯಾಗಿರಬೇಕು. ಅದಕ್ಕೆ ಹಿಡಿಯುವ ಎರಡು ನಿಮಿಷಗಳಲ್ಲಿ ತಡವಾದವರೂ ಬಂದು ಕುಳಿತಿರುತ್ತಾರೆ. ಆಗ 1930ರ ಪ್ರಶ್ನೆಯ ಫಲಿತಾಂಶವನ್ನು ತೆರೆದು, ಮೂರನೆಯ ಭಾಗವನ್ನು ಅದರಿಂದಲೇ ಆರಂಭಿಸುವುದು: ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗನೆ ಹಾರುತ್ತದೆ, ದೂರು ಬೇಗ ಹೋದಷ್ಟೂ ಅದನ್ನು ದಾರಿಯಲ್ಲಿ ತಡೆಯುವ ಸಂಭವ ಹೆಚ್ಚು, ಆದುದರಿಂದ ಬೆಳಗಿನವರೆಗೆ ಕಾಯಬಾರದು.

6.08ರಿಂದ ಕೊನೆಯವರೆಗೆ ಸಭಿಕರ ಪ್ರಶ್ನೆಗಳು. ಅಲ್ಲಿ ಪೋಲು ಬೇಕಾಗಿಲ್ಲ. ಒಂದೂವರೆ ಗಂಟೆಗೆ ನಾಲ್ಕಕ್ಕಿಂತ ಹೆಚ್ಚು ಪೋಲುಗಳಾದರೆ ಜನ ಓದದೆ ಒತ್ತಲು ತೊಡಗುತ್ತಾರೆ. ಅದರ ಗುರುತೂ ಸುಲಭ: ಮತಗಳು ಪ್ರಶ್ನೆಯನ್ನು ಓದಿ ಮುಗಿಸುವ ಮುನ್ನವೇ ಬಂದು ಬೀಳುತ್ತವೆ, ಮೊದಲ ಉತ್ತರಕ್ಕೆ ಕಾರಣವಿಲ್ಲದೆ ಮತ ಹೆಚ್ಚುತ್ತದೆ.

ಇದೇ ಕಾರ್ಯಕ್ರಮವನ್ನು ಜೊತೆಯಲ್ಲೇ ಯೂಟ್ಯೂಬಿನಲ್ಲೂ ತೋರಿಸುವ ಸಂಘಗಳಿವೆ. ಅಲ್ಲಿ ನೋಡುವವರಿಗೆ ಝೂಮ್‌ನ ಪೋಲಿನಲ್ಲಿ ಮತ ಹಾಕಲು ಬರುವುದಿಲ್ಲ, ಚಿತ್ರವೂ ಕೆಲವು ಕ್ಷಣ ತಡವಾಗಿ ತಲುಪುತ್ತದೆ. ಅವರಿಗಾಗಿ ಪ್ರಶ್ನೆಯನ್ನು ಸ್ಲೈಡಿನ ಮೇಲೂ ಬರೆದು, ‘ಉತ್ತರದ ಸಂಖ್ಯೆಯನ್ನು ಕಾಗದದ ಮೇಲೆ ಗುರುತು ಮಾಡಿಕೊಳ್ಳಿ’ ಎನ್ನಬಹುದು. ಆ ಕಾಗದಗಳ ಲೆಕ್ಕ ಸಂಘಕ್ಕೆ ಸಿಗದು, ಅಷ್ಟೆ. ಸಿಗುವ ಲೆಕ್ಕವನ್ನು ಮಾತ್ರ ಕಾರ್ಯಕ್ರಮ ಮುಗಿದ ಮೇಲೆ ಇಳಿಸಿಕೊಂಡು ನೋಡಬೇಕು. ನಾಲ್ಕನೆಯ ಪೋಲಿನಲ್ಲಿ 80 ಮನೆಗಳಲ್ಲಿ 20, ಪೊಲೀಸರು ವಿಡಿಯೋ ಕರೆಯಲ್ಲಿ ಬಂಧಿಸಬಹುದೆಂದೇ ಹೇಳಿದ್ದರೆ, ಬಡಾವಣೆಯಲ್ಲಿ ಇನ್ನೂ ಇಪ್ಪತ್ತು ಮನೆಗಳ ಫೋನು ಯಾವತ್ತು ಬೇಕಾದರೂ ಮೊಳಗಬಹುದು. ಅವು ಯಾವ ಮನೆಗಳೆಂದು ಪೋಲು ಹೇಳುವುದಿಲ್ಲ. ಹೆಸರು ಕೇಳುವುದಿಲ್ಲವೆಂದು ಮೊದಲೇ ಮಾತು ಕೊಟ್ಟಾಗಿದೆ. ಹೀಗಾಗಿ ಆ ಒಂದು ಸಂಗತಿಯನ್ನು ಕನ್ನಡದಲ್ಲಿ ಅರ್ಧ ಪುಟದಷ್ಟು ಅಚ್ಚುಮಾಡಿಸಿ ಎಲ್ಲ ಮನೆಗಳಿಗೂ ಹಂಚುವುದು ಸಂಘದ ಮರುದಿನದ ಕೆಲಸ.